‘ಪ್ರತಿಯೊಂದು’ ಎಂಬ ಪದಕ್ಕೆ ಐದು ಅಂಕ

ನಮ್ಮ ಪಿಯು ಕಾಲೇಜಿನ ಸ್ಟಾಫ್ ರೂಮಿನಲ್ಲಿ 2024ರ ಮೇ ಕೊನೆಯ ವಾರ ಒಬ್ಬಳು ಹುಡುಗಿ ಎರಡು ಪುಸ್ತಕ ಹಿಡಿದುಕೊಂಡು ಬಂದಳು. ಎರಡೂ ಹನ್ನೆರಡನೇ ತರಗತಿಯ ಎನ್‌ಸಿಇಆರ್‌ಟಿ ಭೌತಶಾಸ್ತ್ರದ ಪುಸ್ತಕಗಳೇ. ಒಂದು ಅವಳ ಅಣ್ಣ ಓದಿದ ಹಳೆಯದು, ರಟ್ಟು ಸಡಿಲಾಗಿತ್ತು. ಇನ್ನೊಂದು ಗೆಳತಿಯಿಂದ ಇಸಿದುಕೊಂಡ ಹೊಸದು. ಪರಮಾಣುಗಳ ಅಧ್ಯಾಯದ ಕೊನೆಯ ಸಾರಾಂಶದ ಪುಟ ತೆರೆದು ಎರಡನ್ನೂ ನನ್ನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. “ಸರ್, ನಾನು ಈ ಪುಸ್ತಕ ನೋಡಿ ಉತ್ತರ ಬರೆದೆ. ಕೀ ಉತ್ತರ ಆ ಪುಸ್ತಕದ ಪ್ರಕಾರ ಇದೆ. ಯಾವುದು ಸರಿ ಅಂತ ನೀವೇ ಹೇಳಿ.”

ಅವಳು ಕೇಳಿದ ಪ್ರಶ್ನೆ ಎರಡು ತಿಂಗಳಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಯಿತು. ಒಂದೇ ಪದದ ವ್ಯತ್ಯಾಸ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳ ಅಂಕವನ್ನು ಬದಲಿಸಿತು. ಕೀ ಉತ್ತರ ತಪ್ಪು ಎನಿಸಿದಾಗ ಏನು ನೋಡಬೇಕು, ನಮ್ಮ ಆಯ್ಕೆಯೂ ಸರಿ ಎಂದು ಹೇಗೆ ಸಾಧಿಸಬೇಕು ಎಂಬುದನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಪ್ರಶ್ನೆ ಆ ವರ್ಷದ ನೀಟ್ ಪರೀಕ್ಷೆಯದು. ಎರಡು ಹೇಳಿಕೆ ಕೊಟ್ಟಿದ್ದರು. ಮೊದಲನೆಯದರ ತಾತ್ಪರ್ಯ ಇಷ್ಟು: ಪರಮಾಣುಗಳಲ್ಲಿ ಧನ ಮತ್ತು ಋಣ ಆವೇಶಗಳು ಸಮನಾಗಿರುವುದರಿಂದ ಅವು ವಿದ್ಯುತ್ ತಟಸ್ಥವಾಗಿವೆ. ಎರಡನೆಯದು: ಪ್ರತಿಯೊಂದು ಧಾತುವಿನ ಪರಮಾಣುಗಳು ಸ್ಥಿರವಾಗಿವೆ ಮತ್ತು ತಮ್ಮ ವಿಶಿಷ್ಟ ರೋಹಿತವನ್ನು ಹೊರಸೂಸುತ್ತವೆ. ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ನಾಲ್ಕು ಆಯ್ಕೆಗಳಿಂದ ಆರಿಸಬೇಕು. ಮೊದಲ ಹೇಳಿಕೆಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಜಗಳವೆಲ್ಲ ಎರಡನೆಯದರದ್ದು. ಅದು ಸರಿ ಎಂದವರು ‘ಎರಡೂ ಸರಿ’ ಎಂಬ 2ನೇ ಆಯ್ಕೆಗೆ ಗುರುತು ಹಾಕಿದರು, ತಪ್ಪು ಎಂದವರು ‘ಮೊದಲನೆಯದು ಸರಿ, ಎರಡನೆಯದು ತಪ್ಪು’ ಎಂಬ 4ನೇ ಆಯ್ಕೆಗೆ. ಪರೀಕ್ಷೆ ನಡೆಸಿದ ಎನ್‌ಟಿಎ ತನ್ನ ತಾತ್ಕಾಲಿಕ ಕೀಯಲ್ಲಿ 4ನೇ ಆಯ್ಕೆಯನ್ನು ಕೊಟ್ಟಿತ್ತು.

ಹುಡುಗಿಯ ಹಳೆಯ ಪುಸ್ತಕದಲ್ಲಿ ‘ಪ್ರತಿಯೊಂದು ಧಾತುವಿನ ಪರಮಾಣುಗಳು ಸ್ಥಿರ’ ಎಂಬ ಅರ್ಥದ ಸಾಲೇ ಇತ್ತು. ಹೊಸ ಮುದ್ರಣದಲ್ಲಿ ಅದು ‘ಬಹುತೇಕ ಧಾತುಗಳ ಪರಮಾಣುಗಳು’ ಎಂದಾಗಿತ್ತು. ಉಳಿದ ವಾಕ್ಯದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಏನೂ ಇರಲಿಲ್ಲ.

ನಾನು ಎರಡೂ ಪುಸ್ತಕಗಳನ್ನು ಮುಚ್ಚಿ ಬದಿಗಿಡು ಎಂದೆ. ಅವಳಿಗೆ ಬೇಸರವಾಯಿತು. ಆದರೆ ಕೀ ತಪ್ಪು ಎನ್ನುವವರು ಮೊದಲು ಮಾಡಬೇಕಾದ ಕೆಲಸ ಅದೇ. ಪುಸ್ತಕದಲ್ಲಿ ಹೀಗಿದೆ ಎಂಬುದು ಸಾಕ್ಷಿ, ಸರಿಯೇ. ಆದರೆ ಅದಕ್ಕೂ ಮುಂಚೆ, ಹೇಳಿಕೆ ತನ್ನಷ್ಟಕ್ಕೆ ನಿಜವೋ ಸುಳ್ಳೋ ಎಂದು ನಮಗೇ ಗೊತ್ತಾಗಬೇಕು. ಅದು ಗೊತ್ತಾಗದೆ ಪುಟ ಸಂಖ್ಯೆ ಬರೆದು ಕಳಿಸಿದರೆ, ಎದುರಿನವರು ಇನ್ನೊಂದು ಪುಟ ತೋರಿಸುತ್ತಾರೆ. ಅಲ್ಲಿಗೆ ವಾದ ನಿಂತುಹೋಗುತ್ತದೆ.

ಎರಡನೇ ಹೇಳಿಕೆಯನ್ನು ಬಿಡಿಸಿ ನೋಡೋಣ. ಅದರೊಳಗೆ ಎರಡು ಮಾತುಗಳಿವೆ: ಪರಮಾಣುಗಳು ಸ್ಥಿರ ಎನ್ನುವುದು ಒಂದು, ವಿಶಿಷ್ಟ ರೋಹಿತ ಸೂಸುತ್ತವೆ ಎನ್ನುವುದು ಇನ್ನೊಂದು. ನಡುವೆ ‘ಮತ್ತು’ ಇದೆ. ಆದ್ದರಿಂದ ಎರಡೂ ನಿಜವಾದರೆ ಮಾತ್ರ ವಾಕ್ಯ ನಿಜ. ಮುಂದೆ ‘ಪ್ರತಿಯೊಂದು’ ಎಂಬ ಪದ ಬೇರೆ ಇದೆ. ಹಾಗಾಗಿ ಒಂದೇ ಒಂದು ಧಾತುವಿನಲ್ಲಿ ಇವೆರಡರಲ್ಲಿ ಒಂದು ಮಾತು ತಪ್ಪಿದರೂ ಇಡೀ ಹೇಳಿಕೆ ಸುಳ್ಳಾಗುತ್ತದೆ. ‘ಪ್ರತಿಯೊಂದು’, ‘ಎಲ್ಲ’, ‘ಯಾವಾಗಲೂ’, ‘ಮಾತ್ರ’ – ಬಹು ಆಯ್ಕೆ ಪ್ರಶ್ನೆಗಳಲ್ಲಿ ಈ ಪದಗಳು ಕಂಡಲ್ಲಿ ಒಂದು ಅಪವಾದ ಸಿಕ್ಕರೆ ಸಾಕು. ಹಾಗೆಯೇ, ಅಂಥ ಹೇಳಿಕೆ ನಿಜ ಎಂದು ತೋರಿಸಲು ಹತ್ತು ಉದಾಹರಣೆ ಕೊಟ್ಟರೂ ಸಾಲದು. ಪ್ರಶ್ನೆ ನಮ್ಮಿಂದ ಕೇಳುತ್ತಿರುವುದು ಅಪವಾದವನ್ನೋ ಪೂರ್ತಿ ಸಾಧನೆಯನ್ನೋ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಅಪವಾದ ಆರಿಸುವಾಗಲೂ ಎಚ್ಚರ ಬೇಕು. ಹುಡುಗಿ ಯೋಚಿಸಿ, “ಬಿಸ್ಮತ್ ಸರ್. ಅದೂ ಸ್ಥಿರ ಅಲ್ಲವಂತೆ” ಎಂದಳು. ನಿಜ. ಬಿಸ್ಮತ್-209 ಕ್ಷಯಿಸುತ್ತದೆ ಎಂದು 2003ರಲ್ಲಿ ಅಳೆದು ತೋರಿಸಿದರು. ಆದರೆ ಅದರ ಅರ್ಧಾಯುಷ್ಯ ವಿಶ್ವದ ಇಂದಿನ ವಯಸ್ಸಿನ ನೂರು ಕೋಟಿ ಪಟ್ಟಿಗಿಂತಲೂ ಹೆಚ್ಚು. ವ್ಯವಹಾರದಲ್ಲಿ ಅದನ್ನು ಸ್ಥಿರವೆಂದೇ ಎಣಿಸುತ್ತಾರೆ. ಇಂಥ ಉದಾಹರಣೆ ಮುಂದಿಟ್ಟರೆ ಎದುರಿನವರು ಅದರ ಮೇಲೆಯೇ ಚರ್ಚೆ ಎಳೆಯಬಹುದು. ತಕರಾರಿಗೆ ಎಡೆಯೇ ಇಲ್ಲದ ಉದಾಹರಣೆ ಬೇಕು. ಯುರೇನಿಯಂ ಆಗಬಹುದು, ರೇಡಿಯಂ ಆಗಬಹುದು. ಅವಕ್ಕಿಂತ ಚೆನ್ನಾಗಿ ಹೊಂದುವುದು ಟೆಕ್ನೀಷಿಯಂ ಎಂದು ನನಗನ್ನಿಸಿತು.

ಅದು ಆವರ್ತ ಕೋಷ್ಟಕದ 43ನೇ ಧಾತು, ಕೋಷ್ಟಕದ ನಡುಮಧ್ಯದಲ್ಲೇ ಕೂತಿದೆ. ಕೃತಕವಾಗಿ ತಯಾರಾದ ಮೊದಲ ಧಾತು ಅದೇ, 1937ರಲ್ಲಿ. ಅದಕ್ಕೆ ಒಂದೂ ಸ್ಥಿರ ಐಸೊಟೋಪ್ ಇಲ್ಲ. ಹೆಚ್ಚು ಬಾಳುವ ಐಸೊಟೋಪಿನ ಅರ್ಧಾಯುಷ್ಯವೂ ಸುಮಾರು 42 ಲಕ್ಷ ವರ್ಷ ಮಾತ್ರ. 1952ರಲ್ಲಿ ಪಾಲ್ ಮೆರಿಲ್ ಎಂಬ ಖಗೋಳವಿಜ್ಞಾನಿ ಕೆಲವು ಕೆಂಪು ನಕ್ಷತ್ರಗಳ ಬೆಳಕಿನಲ್ಲಿ ಇದೇ ಟೆಕ್ನೀಷಿಯಂನ ರೋಹಿತ ರೇಖೆಗಳನ್ನು ಗುರುತಿಸಿದರು. ನಕ್ಷತ್ರದ ವಯಸ್ಸಿಗೆ ಹೋಲಿಸಿದರೆ 42 ಲಕ್ಷ ವರ್ಷ ಏನೂ ಅಲ್ಲ. ಹಾಗಾಗಿ ಆ ಧಾತು ನಕ್ಷತ್ರದೊಳಗೇ ಹೊಸದಾಗಿ ತಯಾರಾಗುತ್ತಿರಬೇಕು ಎಂದಾಯಿತು. ನಮ್ಮ ಪ್ರಶ್ನೆಗೆ ಬೇಕಾದ ಎರಡೂ ಮಾತು ಇದರಲ್ಲಿವೆ. ಟೆಕ್ನೀಷಿಯಂ ವಿಶಿಷ್ಟ ರೋಹಿತ ಸೂಸುತ್ತದೆ, ಆದರೆ ಸ್ಥಿರವಲ್ಲ. ‘ಮತ್ತು’ವಿನ ಒಂದು ಬದಿ ನಿಂತಿತು, ಇನ್ನೊಂದು ಬದಿ ಬಿತ್ತು. ‘ಪ್ರತಿಯೊಂದು’ ಎಂಬ ಮಾತು ಅಲ್ಲಿಗೆ ಸುಳ್ಳಾಯಿತು.

ಅಲ್ಲಿಗೆ 4ನೇ ಆಯ್ಕೆಯೇ ಸರಿ ಎಂದು ತೋರುತ್ತದೆ. ಆದರೆ ನಾನು ಅಲ್ಲಿಗೇ ನಿಲ್ಲಿಸಲಿಲ್ಲ, ಏಕೆಂದರೆ ಹುಡುಗಿಯ ಪರವಾಗಿ ಒಂದು ಗಟ್ಟಿ ವಾದ ಇನ್ನೂ ಉಳಿದಿತ್ತು. ಅದನ್ನು ಕೇಳದೆ ಅವಳನ್ನು ಕಳಿಸುವುದು ಅನ್ಯಾಯ.

‘ಸ್ಥಿರ’ ಎಂಬ ಪದಕ್ಕೆ ಭೌತಶಾಸ್ತ್ರದಲ್ಲಿ ಎರಡು ಅರ್ಥಗಳಿವೆ. ಒಂದು ನ್ಯೂಕ್ಲಿಯಸ್ಸಿನದು, ಅದು ಒಡೆದುಹೋಗದೆ ಉಳಿಯುವುದು. ಇನ್ನೊಂದು ಎಲೆಕ್ಟ್ರಾನ್‌ಗಳದು. ರುದರ್‌ಫೋರ್ಡ್ ಕೊಟ್ಟ ಮಾದರಿಯಲ್ಲಿ ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿನ ಸುತ್ತ ತಿರುಗುತ್ತದೆ. ಹಳೆಯ ವಿದ್ಯುತ್ಕಾಂತ ಸಿದ್ಧಾಂತದ ಪ್ರಕಾರ ಹಾಗೆ ತಿರುಗುವ ಆವೇಶ ಶಕ್ತಿಯನ್ನು ಸೂಸಿ ಕಳೆದುಕೊಳ್ಳುತ್ತಾ, ಸುರುಳಿ ಸುತ್ತಿ ಒಳಗೆ ಬೀಳಬೇಕು. ಲೆಕ್ಕ ಹಾಕಿದರೆ ಹೈಡ್ರೋಜನ್ ಪರಮಾಣು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದೊಳಗೇ ಕುಸಿಯಬೇಕು. ಕುಸಿಯುವುದಿಲ್ಲ. ಮೇಜು ಮೇಜಾಗಿಯೇ ಇದೆ. ಪರಮಾಣುಗಳ ಅಧ್ಯಾಯ ಮಾತಾಡುವುದು ಈ ಸ್ಥಿರತೆಯ ಬಗ್ಗೆಯೇ. ರುದರ್‌ಫೋರ್ಡ್ ಮಾದರಿಗೆ ಎರಡು ತೊಡಕು ಎಂದು ಅಲ್ಲಿ ಬರೆದಿದೆ: ಪರಮಾಣು ಏಕೆ ಕುಸಿಯುವುದಿಲ್ಲ ಎಂದು ಅದು ಹೇಳಲಾರದು, ರೇಖಾ ರೋಹಿತ ಏಕೆ ಬರುತ್ತದೆ ಎಂದೂ ಹೇಳಲಾರದು. ‘ಸ್ಥಿರ ಮತ್ತು ವಿಶಿಷ್ಟ ರೋಹಿತ’ ಎಂಬ ಜೋಡಿ ಮಾತು ಸಾರಾಂಶದಲ್ಲಿ ಬರುವುದು ಆ ಎರಡು ತೊಡಕುಗಳ ಬೆನ್ನಿಗೇ. ವಿಕಿರಣಶೀಲತೆ ಬರುವುದು ಮುಂದಿನ ಅಧ್ಯಾಯದಲ್ಲಿ.

ಈ ಅರ್ಥ ಹಿಡಿದರೆ ಹಳೆಯ ಪುಸ್ತಕದ ‘ಪ್ರತಿಯೊಂದು’ ತಪ್ಪಲ್ಲ. ರೇಡಿಯಂ ಪರಮಾಣುವಿನ ಎಲೆಕ್ಟ್ರಾನ್‌ಗಳೂ ಕುಸಿಯುವುದಿಲ್ಲ. 1898ರಲ್ಲಿ ಕ್ಯೂರಿ ದಂಪತಿ ಹೊಸ ಧಾತು ಇದೆ ಎಂದಾಗ ಅದನ್ನು ಖಚಿತಪಡಿಸಿದ್ದೂ ಯೂಜೀನ್ ಡೆಮಾರ್ಸೆ ಕಂಡ ಹೊಸ ರೋಹಿತ ರೇಖೆಯೇ. ನ್ಯೂಕ್ಲಿಯಸ್ ಒಡೆಯುವ ತನಕ ಅದೂ ಎಲ್ಲ ಪರಮಾಣುಗಳಂತೆ ತನ್ನ ರೋಹಿತ ಸೂಸುತ್ತಲೇ ಇರುತ್ತದೆ.

ಇದನ್ನು ಕೇಳಿ ಹುಡುಗಿಯ ಮುಖ ಅರಳಿತು. “ಹಾಗಾದ್ರೆ ನಂದೂ ಸರಿ ಅಲ್ವಾ ಸರ್?”

“ನಿನ್ನ ಅರ್ಥದಲ್ಲಿ ಸರಿ ಕಣಮ್ಮಾ. ಆದ್ರೆ ಆ ಅರ್ಥ ಪ್ರಶ್ನೆಪತ್ರಿಕೆಯಲ್ಲಿ ಎಲ್ಲಿದೆ?”

ಪ್ರಶ್ನೆಯಲ್ಲಿ ಅಧ್ಯಾಯದ ಹೆಸರಿಲ್ಲ, ರುದರ್‌ಫೋರ್ಡ್ ಇಲ್ಲ, ಎಲೆಕ್ಟ್ರಾನ್ ಇಲ್ಲ. ಒಂಟಿಯಾಗಿ ನಿಂತ ವಾಕ್ಯ. ಒಂಟಿ ವಾಕ್ಯವನ್ನು ಅದರ ಸಾಮಾನ್ಯ ಅರ್ಥದಲ್ಲೇ ಓದಬೇಕು. ‘ಧಾತು ಸ್ಥಿರ’ ಎಂದು ಯಾವ ವಿಶೇಷಣವೂ ಇಲ್ಲದೆ ಹೇಳಿದರೆ ಓದಿದವರು ವಿಕಿರಣಶೀಲವಲ್ಲದ್ದು ಎಂದೇ ತಿಳಿಯುತ್ತಾರೆ. ಅದೂ ಅಲ್ಲದೆ ಪುಸ್ತಕ ಬರೆದವರೇ ಮುಂದಿನ ಮುದ್ರಣದಲ್ಲಿ ‘ಬಹುತೇಕ’ ಎಂದು ತಿದ್ದಿದ್ದಾರೆ. ಪ್ರಶ್ನೆಯಲ್ಲಿ ‘ಪ್ರತಿಯೊಂದು’ ಎಂದಿದ್ದು, ಪುಸ್ತಕದಲ್ಲಿ ‘ಬಹುತೇಕ’ ಎಂದಿದ್ದರೆ, ಪ್ರಶ್ನೆ ಪರೀಕ್ಷಿಸುತ್ತಿರುವುದೇ ಆ ವ್ಯತ್ಯಾಸವನ್ನು ಎನ್ನಬೇಕಾಗುತ್ತದೆ.

ಎರಡು ಆಯ್ಕೆಗಳೂ ಸರಿ ಎಂದು ವಾದಿಸುವವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಕೆಲವು ಪ್ರಶ್ನೆಗಳಲ್ಲಿ ಎರಡು ಉತ್ತರ ಒಟ್ಟಿಗೆ ಸರಿಯಾಗಿರಲು ಸಾಧ್ಯ. ನಾಲ್ಕು ನದಿಗಳಲ್ಲಿ ಯಾವುದು ಪಶ್ಚಿಮಕ್ಕೆ ಹರಿಯುತ್ತದೆ ಎಂದು ಕೇಳಿ ಆಯ್ಕೆಗಳಲ್ಲಿ ಶರಾವತಿ, ನೇತ್ರಾವತಿ ಎರಡನ್ನೂ ಕೊಟ್ಟರೆ ಎರಡೂ ಸರಿ. ಒಂದು ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ. ಆದರೆ ‘ಎರಡೂ ಸರಿ’ ಮತ್ತು ‘ಎರಡನೆಯದು ತಪ್ಪು’ ಎಂಬ ಆಯ್ಕೆಗಳು ಒಟ್ಟಿಗೆ ಸರಿಯಾಗಲಾರವು. ಅಂಥ ಕಡೆ ಎರಡೂ ಸರಿ ಎನ್ನುವುದು ನಿಜವಾಗಿ ಪದಕ್ಕೆ ಎರಡರ್ಥವಿದೆ ಎಂದು ಹೇಳಿದಂತೆ. ಹಾಗಿದ್ದರೆ ಆ ಎರಡರ್ಥವನ್ನೇ ಸಾಧಿಸಬೇಕು, ಪ್ರಶ್ನೆಯನ್ನೇ ಕೈಬಿಡಿ ಎಂದು ಕೇಳಬೇಕು. ತನ್ನ ಆಯ್ಕೆಗೂ ಅಂಕ ಕೊಡಿ ಎಂದು ಕೇಳುವುದಕ್ಕಿಂತ ಅದು ಗಟ್ಟಿಯಾದ ಬೇಡಿಕೆ.

ಎನ್‌ಟಿಎ ಆ ವರ್ಷ ಬೇರೆ ದಾರಿ ಹಿಡಿಯಿತು. ತಾತ್ಕಾಲಿಕ ಕೀಗೆ ಈ ಪ್ರಶ್ನೆಯ ಮೇಲೆ ಹದಿಮೂರು ಸಾವಿರಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದವು. ಹಳೆಯ ಪುಸ್ತಕ ಓದಿದವರಿಗೆ ನಷ್ಟವಾಗಬಾರದೆಂದು ಎರಡೂ ಆಯ್ಕೆಗಳಿಗೆ ಅಂಕ ಕೊಟ್ಟಿತು. ಅಣ್ಣ-ಅಕ್ಕಂದಿರ ಹಳೆಯ ಪುಸ್ತಕದಲ್ಲಿ ಓದುವ ಬಡ ಮಕ್ಕಳಿದ್ದಾರೆ ಎಂಬ ಮಾತು ಕೋರ್ಟಿನಲ್ಲೂ ಬಂತು. ನನ್ನ ಮೇಜಿನ ಮುಂದೆ ನಿಂತಿದ್ದವಳೂ ಅವರಲ್ಲಿ ಒಬ್ಬಳೇ, ಹಾಗಾಗಿ ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಆದರೆ ಹೊಸ ಮುದ್ರಣವನ್ನೇ ಅನುಸರಿಸಬೇಕೆಂಬ ಸೂಚನೆಯೂ ಇತ್ತು. ಗೊಂದಲವೆಂದು ಪ್ರಶ್ನೆಯನ್ನೇ ಬಿಟ್ಟವರಿಗಂತೂ ಯಾವ ಲಾಭವೂ ಆಗಲಿಲ್ಲ. 720ಕ್ಕೆ 720 ಬಂದವರಲ್ಲಿ 44 ಮಂದಿಗೆ ಆ ಅಂಕ ಬಂದದ್ದು ಈ ಒಂದು ಪ್ರಶ್ನೆಯಿಂದ.

ಜುಲೈ 22ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ, ಮೂವರು ವಿಷಯ ತಜ್ಞರ ಸಮಿತಿ ಮಾಡಿ ಮರುದಿನ ಮಧ್ಯಾಹ್ನದೊಳಗೆ ಅಭಿಪ್ರಾಯ ಕೊಡಿ ಎಂದು ಐಐಟಿ ದೆಹಲಿಯ ನಿರ್ದೇಶಕರನ್ನು ಕೇಳಿತು. ನ್ಯಾಯಮೂರ್ತಿಗಳು ತಾವೇ ಭೌತಶಾಸ್ತ್ರ ತೀರ್ಮಾನಿಸಲು ಹೋಗಲಿಲ್ಲ. ಸರಿ ಉತ್ತರ ಒಂದೇ, ಅದು 4ನೇ ಆಯ್ಕೆ ಎಂದು ತಜ್ಞರು ಹೇಳಿದರು. ಅದರಂತೆ ಫಲಿತಾಂಶ ತಿದ್ದಲಾಯಿತು. 2ನೇ ಆಯ್ಕೆ ಬರೆದವರಿಗೆ ಸಿಕ್ಕಿದ್ದ 4 ಅಂಕ ಹೋಯಿತು, ಜೊತೆಗೆ ತಪ್ಪು ಉತ್ತರದ 1 ಅಂಕವೂ ಕಳೆಯಿತು. ಒಟ್ಟು 5. ಪೂರ್ಣ ಅಂಕ ಪಡೆದವರು ಕೊನೆಗೆ 17 ಮಂದಿ ಉಳಿದರು.

ಕೋರ್ಟು ಇಂಥದ್ದರಲ್ಲಿ ಹೇಗೆ ಯೋಚಿಸುತ್ತದೆ ಎಂಬುದಕ್ಕೆ 1983ರ ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣವನ್ನು ಈಗಲೂ ಹೇಳುತ್ತಾರೆ. ಅದೂ ವೈದ್ಯಕೀಯ ಪ್ರವೇಶ ಪರೀಕ್ಷೆಯದೇ. ಕೀ ಉತ್ತರ ಸರಿ ಎಂದೇ ಮೊದಲು ಭಾವಿಸಬೇಕು. ಅದು ತಪ್ಪು ಎಂದು ಸ್ಪಷ್ಟವಾಗಿ ತೋರಿಸಿದರೆ ಮಾತ್ರ ಬದಲಿಸಬೇಕು. ಉದ್ದನೆಯ ತರ್ಕ ಹೊಸೆದು ‘ಹೀಗೂ ಹೇಳಬಹುದು’ ಎಂದರೆ ಸಾಲದು, ವಿಷಯ ಬಲ್ಲವರು ಯಾರೂ ಒಪ್ಪಲಾರದಷ್ಟು ತಪ್ಪಾಗಿರಬೇಕು. ಇದು ಆ ತೀರ್ಪಿನ ಸಾರ. ಅಲ್ಲಿ ಮಕ್ಕಳು ಮಾನ್ಯ ಪಠ್ಯಪುಸ್ತಕಗಳನ್ನು ಮುಂದಿಟ್ಟು ಗೆದ್ದರು. ಅಂದರೆ ಅಡ್ಡಿ ಎತ್ತರವಾಗಿದೆ, ಆದರೆ ದಾಟಲಾಗದ್ದೇನಲ್ಲ.

ಇಷ್ಟೆಲ್ಲ ಕೇಳಿ ನಮ್ಮ ಕಾಲೇಜಿನ ಇನ್ನೊಬ್ಬ ಹುಡುಗನಿಗೆ ಹುರುಪು ಬಂತು. ಅವನು ತಮ್ಮನ ಹೈಸ್ಕೂಲು ಗೈಡಿನ ಒಂದು ಲೆಕ್ಕ ತಂದ. ‘ಕರ್ಣಗಳು ಪರಸ್ಪರ ಲಂಬವಾಗಿ ಅರ್ಧಿಸಿದರೆ ಆ ಚತುರ್ಭುಜವು ____’. ಆಯ್ಕೆಗಳು ಆಯತ, ವರ್ಗ, ವಜ್ರಾಕೃತಿ, ತ್ರಾಪಿಜ್ಯ. ಕೀ ಉತ್ತರ ವಜ್ರಾಕೃತಿ. “ವರ್ಗದ ಕರ್ಣಗಳೂ ಲಂಬವಾಗಿ ಅರ್ಧಿಸ್ತವೆ ಸರ್. ಎರಡಕ್ಕೂ ಅಂಕ ಕೊಡಬೇಕು.”

ನಾನು ಅವನ ಕೈಗೆ ಸ್ಕೇಲು ಕೊಟ್ಟು 8 ಸೆಂ.ಮೀ. ಉದ್ದದ ಗೆರೆ ಎಳೆಸಿದೆ. ಅದರ ನಡುವಿನಿಂದ ಲಂಬವಾಗಿ ಮೇಲೆ 3, ಕೆಳಗೆ 3 ಸೆಂ.ಮೀ. ಎಳೆದು ತುದಿಗಳನ್ನು ಸೇರಿಸು ಎಂದೆ. ಬದಿಗಳನ್ನು ಅಳೆದ. ನಾಲ್ಕೂ 5 ಸೆಂ.ಮೀ. ಕರ್ಣಗಳು ಲಂಬ, ಪರಸ್ಪರ ಅರ್ಧಿಸಿವೆ. ಮೂಲೆಗೆ ಸೆಟ್‌ಸ್ಕ್ವೇರ್ ಇಟ್ಟ, ಲಂಬಕೋನ ಕೂರಲಿಲ್ಲ. ಅದು ವರ್ಗವಲ್ಲ. ಪ್ರಶ್ನೆ ಕೇಳಿದ್ದು, ಇಷ್ಟು ಗೊತ್ತಿದ್ದರೆ ಆಕೃತಿ ಏನಾಗಿಯೇ ತೀರಬೇಕು ಎಂದು. ವಜ್ರಾಕೃತಿ ಆಗಿಯೇ ತೀರುತ್ತದೆ, ವರ್ಗ ಆಗಬಹುದಷ್ಟೇ. ಕೀ ಸರಿ, ಹುಡುಗನ ಆಯ್ಕೆ ತಪ್ಪು. ನನಗೆ ಇಲ್ಲಿ ಹಿಡಿಸಿದ್ದು ಬೇರೆ. ಅದೇ ಪ್ರಶ್ನೆಯನ್ನು ತಿರುಗಿಸಿ, ‘ಇವುಗಳಲ್ಲಿ ಯಾವುದರ ಕರ್ಣಗಳು ಪರಸ್ಪರ ಲಂಬವಾಗಿ ಅರ್ಧಿಸುತ್ತವೆ?’ ಎಂದು ಕೇಳಿದ್ದರೆ ವರ್ಗ, ವಜ್ರಾಕೃತಿ ಎರಡೂ ಸರಿ. ಆಗ ಒಂದನ್ನೇ ಕೊಟ್ಟ ಕೀ ತಪ್ಪು, ಹುಡುಗನ ಆಕ್ಷೇಪಣೆ ಗೆಲ್ಲುತ್ತಿತ್ತು. ವಿಷಯ ಅದೇ, ಪ್ರಶ್ನೆಯ ದಿಕ್ಕು ಬೇರೆ.

ಆಕ್ಷೇಪಣೆ ಬರೆಯುವುದು ಹೇಗೆ ಎಂದು ಹುಡುಗಿ ಕೇಳಿದಳು. ಸಮಯ ಎರಡು-ಮೂರು ದಿನವಷ್ಟೇ ಇರುತ್ತದೆ. ನೀಟ್‌ನಲ್ಲಿ ಆಗ ಒಂದು ಪ್ರಶ್ನೆಗೆ 200 ರೂಪಾಯಿ ಕಟ್ಟಬೇಕಿತ್ತು, ಅದು ವಾಪಸ್ ಬರುವುದಿಲ್ಲ. ಹಾಗಾಗಿ ಮೊದಲು ತನ್ನ ಪ್ರಶ್ನೆಪತ್ರಿಕೆಯ ಕೋಡ್‌ಗೆ ಸರಿಯಾದ ಕೀಯನ್ನೇ ನೋಡುತ್ತಿದ್ದೇನೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಎಷ್ಟೋ ‘ತಪ್ಪು ಕೀ’ಗಳು ಅಲ್ಲೇ ಬಗೆಹರಿಯುತ್ತವೆ. ಕನ್ನಡದಲ್ಲಿ ಬರೆದವರು ಇಂಗ್ಲಿಷ್ ಪ್ರಶ್ನೆಯನ್ನೂ ಓದಬೇಕು. ನೀಟ್‌ನಲ್ಲಿ ಅನುವಾದದ ಬಗ್ಗೆ ಸಂಶಯ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ‘ಪ್ರತಿಯೊಂದು’, ‘ಬಹುತೇಕ’ದಂಥ ಪದಗಳೇ ಅನುವಾದದಲ್ಲಿ ಜಾರಿಹೋಗುವುದು.

ಆಮೇಲೆ ಅವಳ ಪರವಾಗಿ ಎಷ್ಟು ಹೇಳಬಹುದೋ ಅಷ್ಟನ್ನು ಒಂದು ಹಾಳೆಯಲ್ಲಿ ಹೀಗೆ ಬರೆಸಿದೆ:

“ಎರಡನೇ ಹೇಳಿಕೆಯಲ್ಲಿ ‘ಸ್ಥಿರ’ ಎಂಬ ಪದಕ್ಕೆ ಎರಡು ಅರ್ಥವಿದೆ. ನ್ಯೂಕ್ಲಿಯಸ್ಸಿನ ಸ್ಥಿರತೆ ಎಂದಾದರೆ ಟೆಕ್ನೀಷಿಯಂ, ರೇಡಿಯಂಗಳಿಂದಾಗಿ ಹೇಳಿಕೆ ತಪ್ಪು, ಉತ್ತರ 4. ಎಲೆಕ್ಟ್ರಾನ್‌ಗಳು ಕುಸಿಯದೆ ಉಳಿಯುವ ಸ್ಥಿರತೆ ಎಂದಾದರೆ ಹೇಳಿಕೆ ಸರಿ, ಉತ್ತರ 2. ಪಠ್ಯಪುಸ್ತಕದ ಪರಮಾಣುಗಳ ಅಧ್ಯಾಯ ಎರಡನೇ ಅರ್ಥದಲ್ಲಿ ಈ ಪದ ಬಳಸಿದೆ. ಯಾವ ಅರ್ಥವೆಂದು ಪ್ರಶ್ನೆ ಹೇಳಿಲ್ಲ. ಎರಡು ಉತ್ತರಗಳೂ ಒಟ್ಟಿಗೆ ಸರಿಯಾಗಲಾರವಾದ್ದರಿಂದ ಪ್ರಶ್ನೆಯನ್ನು ಕೈಬಿಡಬೇಕು.”

ಹಳೆಯ ಪುಸ್ತಕದ ಪುಟದ ಫೋಟೊ ಜೊತೆಗಿಟ್ಟಳು. ಕೀಯ ಉತ್ತರ ಯಾವ ಅರ್ಥದಲ್ಲಿ ಸರಿ ಎಂಬುದನ್ನೂ ಬರೆಸಿದ್ದೇಕೆ ಎಂದು ಕೇಳಿದಳು. ಪರಿಶೀಲಿಸುವವರು ಮೊದಲು ಹುಡುಕುವುದೇ ಅದನ್ನು, ನಾವು ಬಿಟ್ಟರೆ ಅವರು ತುಂಬಿಕೊಳ್ಳುತ್ತಾರೆ ಎಂದೆ. ಇದು ಗೆಲ್ಲುತ್ತದಾ ಎಂದಳು. ಗೆಲ್ಲುವುದು ಕಷ್ಟ, ಒಂಟಿ ವಾಕ್ಯದಲ್ಲಿ ಸಾಮಾನ್ಯ ಅರ್ಥದ ತೂಕವೇ ಹೆಚ್ಚು ಎಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು. ಆಮೇಲೆ ಅಣ್ಣನ ಪುಸ್ತಕ ತೆರೆದು, ‘ಪ್ರತಿಯೊಂದು’ ಎಂಬ ಪದಕ್ಕೆ ಪೆನ್ಸಿಲಿನಿಂದ ಗೆರೆ ಹೊಡೆದು, ಮೇಲೆ ‘ಬಹುತೇಕ’ ಎಂದು ಸಣ್ಣ ಅಕ್ಷರದಲ್ಲಿ ಬರೆದಳು. ಮುಂದಿನ ವರ್ಷ ಅದೇ ಪುಸ್ತಕ ತಂಗಿಗೆ ಹೋಗಲಿತ್ತು.